ಔಷಧ ಸಿಂಪಡಿಸಿದರೂ ಉಣ್ಣೆ ಮರಳುವುದೇಕೆ?

ಮಿಶ್ರತಳಿ ಹಸುವಿಗೆ ಡೆಲ್ಟಾಮೆಥ್ರಿನ್ ಸಿಂಪಡಿಸಿದ ಕೆಲವೇ ದಿನಗಳಲ್ಲಿ ಉಣ್ಣೆಗಳು ಮರಳಿದರೆ, ಔಷಧವನ್ನು ದೂರುವ ಮೊದಲು ಕೊಟ್ಟಿಗೆಯ ಗೋಡೆಯನ್ನು ಪರಿಶೀಲಿಸಿರಿ. ಥೈಲೇರಿಯಾ ಜ್ವರವನ್ನು ಹರಡುವ ಹಯಲೋಮ ಉಣ್ಣೆಯು ರಕ್ತ ಹೀರಿ ಕೆಳಗುದುರಿದ ಮೇಲೆ ಬಿರುಕುಗಳಲ್ಲಿ ಅಡಗಿ ಮೊಟ್ಟೆಯಿಡುತ್ತದೆ. ಮೈಮೇಲಿನ ಸಿಂಪಡಣೆ ಅಲ್ಲಿಗೆ ತಲುಪದು. ಆದ್ದರಿಂದ ಬಿರುಕುಗಳನ್ನು ಮುಚ್ಚಿಸಿ, ಜಾನುವಾರು ಹಾಗೂ ಮೇವನ್ನು ಹೊರಗಿರಿಸಿ, ಗೋಡೆ ಮತ್ತು ನೆಲಕ್ಕೂ ಸಿಂಪಡಿಸಬೇಕು.

ಶೇ. 12.5ರ ಅಮಿಟ್ರಾಜ್ ಆದರೆ ಲೀಟರ್ ನೀರಿಗೆ 2 ಮಿ.ಲೀ. ಸಾಕು. ಅರ್ಧ ಲೀಟರಿನಲ್ಲಿ ಇಡೀ ಹಸುವನ್ನು ಮುಗಿಸುವುದೇ ಸಾಮಾನ್ಯ ತಪ್ಪು. ಕೆಚ್ಚಲ ಸಂದು, ಬಾಲದ ಬುಡ ತೋಯಲೇಬೇಕು. ಹೀಗೆ ಮಾಡಿಯೂ ಮೂರನೆಯ ದಿನ ಮೈಮೇಲೆ ಜೀವಂತ ಉಣ್ಣೆಗಳು ಹೇರಳವಾಗಿದ್ದರೆ ನಿರೋಧಶಕ್ತಿಯನ್ನು ಶಂಕಿಸಿ, ಪಶುವೈದ್ಯರ ಸಲಹೆಯಂತೆ ಬೇರೆ ಗುಂಪಿನ ಔಷಧಕ್ಕೆ ಬದಲಾಯಿಸಿರಿ. ಮುಳುಗುತೊಟ್ಟಿಯಂತೂ ಎರಡು ಹಸುಗಳ ಮನೆಗೆ ಹೊಂದದು.

ತೀವ್ರ ಜ್ವರದೊಡನೆ ಭುಜದ ಮುಂದಿನ ಗ್ರಂಥಿ ಊದಿದರೆ ಅಂದೇ ಪಶುವೈದ್ಯರನ್ನು ಕರೆಯಿರಿ. ಬುಪಾರ್ವಕ್ವೋನ್ ಆರಂಭದಲ್ಲಿಯೇ ಚೆನ್ನಾಗಿ ಫಲಿಸುತ್ತದೆ.