ಮಾರ ಸತ್ತ ಭಾನುವಾರ

ದಾಳ ಉರುಳಿ ನಿಂತಾಗ ಮೇಲೆ ಬಂದಿದ್ದು 1. ಮಾಲೂರಿನ ಗೆಳೆಯ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಸರಿ ಬಿಡು ಮಗಾ" ಅಂದ. ಹದಿನಾಲ್ಕು ತಿಂಗಳಿಂದ ಅವನು ಆಡಿಕೊಂಡು ಬಂದಿದ್ದ ಮಾರ ಸತ್ತುಹೋಗಿದ್ದ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಇದು ಡಂಜನ್ಸ್ ಅಂಡ್ ಡ್ರಾಗನ್ಸ್. ಒಬ್ಬರು ಕಥೆ ನಡೆಸ್ತಾರೆ, ಉಳಿದವರು ಒಂದೊಂದು ಪಾತ್ರ ಆಗ್ತಾರೆ, ಕಷ್ಟದ ಕೆಲಸ ಆಯ್ತೋ ಇಲ್ವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಿಂದ ಒಬ್ಬೊಬ್ಬರಂತೆ ನಾವು ನಾಲ್ಕು ಜನ ತಿಂಗಳಿಗೆ ಎರಡು ಭಾನುವಾರ ಕೋಲಾರದ ನಮ್ಮನೆ ಮಹಡಿಯಲ್ಲಿ ಸೇರ್ತೀವಿ. ಕಥೆ ನಡೆಸೋದು ನಾನು. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಗಳ ಮಾತು ಕೇಳ್ತಾ ಬೆಳೆದವನು, ಹಾಗಾಗಿ ನಮ್ಮ ಕಥೆ ನಡೆಯೋದೂ ಒಂದು ಪಾಳುಬಿದ್ದ ಚಿನ್ನದ ಗಣಿಯಲ್ಲೇ.

ಅವತ್ತು ಗಣಿ ಕುಸೀತಾ ಇತ್ತು. ಮಾರ ಐದನೇ ಲೆವೆಲ್‌ನ ಫೈಟರ್. ಪೂರ್ತಿ ಜೀವ 44 ಅಂಕ, ಉಳಿದಿದ್ದು 9. ಉಳಿದಿಬ್ಬರು ಹಗ್ಗ ಹತ್ತಲಿ ಅಂತ ಸುರಂಗದ ಬಾಯಲ್ಲಿ ಒಬ್ಬನೇ ನಿಂತ. ಒಂದೇ ಏಟಿಗೆ 14 ಹೋಯ್ತು. ಜೀವ ಸೊನ್ನೆಯಾದ ಕೂಡಲೇ ಸಾಯಲ್ಲ, ಪ್ರತಿ ಸರದಿಗೂ ದಾಳ ಹಾಕಬೇಕು. 10 ಅಥವಾ ಮೇಲೆ ಬಂದರೆ ಒಂದು ಗೆಲುವು, ಕೆಳಗೆ ಬಂದರೆ ಒಂದು ಸೋಲು. ಮೂರು ಸೋಲಿಗೆ ಸಾವು. 1 ಬಂದರೆ ಎರಡು ಸೋಲಿಗೆ ಲೆಕ್ಕ. ಅವನಿಗೆ ಬಿದ್ದಿದ್ದು 12, 7, 1. ಮುಳಬಾಗಿಲಿನ ಗೆಳತಿಯ ಪಾತ್ರಕ್ಕೆ ಬದುಕಿಸೋ ಮಂತ್ರ ಗೊತ್ತು. ಆದರೆ ಅದನ್ನ ಸತ್ತ ಒಂದು ನಿಮಿಷದೊಳಗೆ ಹಾಕಬೇಕು, 300 ಚಿನ್ನದ ನಾಣ್ಯದ ವಜ್ರ ಕೈಯಲ್ಲಿರಬೇಕು. ಆ ವಜ್ರವನ್ನ ಹಿಂದಿನ ಆಟದಲ್ಲಿ ಸಂತೆಯಲ್ಲಿ ಮಾರಿದ್ದು ಅವಳೇ.

ದಾಳ ಮರೆತುಬಿಡೋಣ ಅಂತ ನನ್ನ ಬಾಯಿಗೆ ಬಂದಿತ್ತು. ಹಳೇ ಕಥೆಯೊಂದರಲ್ಲಿ ಹಾಗೆ ಮಾಡಿದ್ದೆ. ಅದು ಎಲ್ಲರಿಗೂ ಗೊತ್ತಾಗಿ, ಆಮೇಲೆ ಯಾವ ಅಪಾಯಕ್ಕೂ ಯಾರೂ ಹೆದರಲಿಲ್ಲ. ಹಾಗಾಗಿ ಈ ಸಲ ಮೊದಲ ದಿನವೇ ಕೇಳಿದ್ದೆ: ಪಾತ್ರ ಸಾಯಬಹುದಾ, ಬೇಡ್ವಾ? ಬೇಡ ಅಂದಿದ್ರೆ ಸೆರೆ ಸಿಗೋದು, ಕೈ ಕಳ್ಕೊಳ್ಳೋದು ಅಂತ ಬೇರೆ ಸೋಲು ಇಟ್ಕೋತಿದ್ದೆ. ಮೂವರೂ ಸಾಯಬಹುದು ಅಂದಿದ್ದರು.

ಹಾಗಾಗಿ ಯುದ್ಧ ಅಲ್ಲಿಗೇ ನಿಲ್ಲಿಸಿದೆ. ಮಾರ ಹೇಗೆ ಸತ್ತ ಅಂತ ನಾನು ವರ್ಣಿಸಲಿಲ್ಲ, ಅವನನ್ನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಗ್ಗದ ಕೆಳತುದಿ ಅವನೇ ಕತ್ತರಿಸ್ತಾನೆ, ಶತ್ರು ಮೇಲೆ ಹತ್ತಬಾರದು" ಅಂದ. ನಾನು ಬರೆದಿದ್ರೆ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ.

ಕಷ್ಟ ಇರೋದು ಮುಂದಿನ ಭಾನುವಾರ. ಅತ್ತು ಮುಗಿಸಿ ಎಲ್ಲರೂ ಮರೆತುಬಿಟ್ಟರೆ ಆ ಸಾವು ದಂಡ. ಇಲ್ಲಿ ನನಗೆ ದಾರಿ ತೋರಿಸಿದ್ದು ನಮ್ಮ ಕಡೆಯ ವೀರಗಲ್ಲುಗಳು. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನ ಕರೆದೊಯ್ಯೋ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಕೊಡೋ ಪದ್ಧತಿಯೂ ಇತ್ತು. ಕಲ್ಲು ನೆನಪಿಗೆ, ಕೊಡಗೆ ಉಳಿದವರ ಬದುಕಿಗೆ. ಆಟದಲ್ಲಿ ನಾವು ಸಾಮಾನ್ಯವಾಗಿ ಕಲ್ಲು ನಿಲ್ಲಿಸಿ ಕೊಡಗೆ ಮರೀತೀವಿ.

ಮಾರನ ಹಳೇ ಟಿಪ್ಪಣಿ ತೆಗೆದು ಅವನು ಬಾಕಿ ಉಳಿಸಿದ್ದೇನು ಅಂತ ಹುಡುಕಿದೆ. ಅಪ್ಪನ ಕೂಲಿ ಲೆಕ್ಕದ ಪುಸ್ತಕ ತಂದುಕೊಡ್ತೀನಿ ಅಂತ ತಂಗಿಗೆ ಮಾತು ಕೊಟ್ಟಿದ್ದ. ಆ ಪುಸ್ತಕ ಈಗ ಶ್ರೀನಿವಾಸಪುರದವನ ಪಾತ್ರದ ಚೀಲದಲ್ಲಿತ್ತು. ಮುಂದಿನ ಆಟ ಶುರುವಾಗಿದ್ದು ಆ ತಂಗಿಯ ಮನೆ ಬಾಗಿಲಲ್ಲಿ. ಅವಳು ಕೇಳಿದ್ದು ಒಂದೇ: "ಅಣ್ಣ ಎಲ್ಲಿ?"

ಮಾಲೂರಿನವನು ಮೊದಲು ಮಾರನ ಅವಳಿ ತಮ್ಮನಾಗಿ ಬರ್ತೀನಿ ಅಂದ. ಬೇಡ ಅಂದೆ. ಅದೇ ಕತ್ತಿ, ಅದೇ ಸ್ವಭಾವ ವಾಪಸ್ ಬಂದರೆ ಯಾರೂ ಸತ್ತಂಗಾಗಲ್ಲ. ಕೊನೆಗೆ ಅವನೇ ಆರಿಸಿಕೊಂಡಿದ್ದು ಸಂತೆಯಲ್ಲಿ ಆ ವಜ್ರ ಕೊಂಡಿದ್ದ ವ್ಯಾಪಾರಿಯನ್ನ. ಉಳಿದವರಷ್ಟೇ ಲೆವೆಲ್ ಕೊಟ್ಟೆ, ಮೊದಲ ಹದಿನೈದು ನಿಮಿಷದೊಳಗೆ ಕಥೆಗೆ ತಂದೆ. ಇಡೀ ಸಂಜೆ ಸುಮ್ಮನೆ ಕೂರಿಸಿದರೆ ಆಟಗಾರನೂ ಕೈತಪ್ಪಿ ಹೋಗ್ತಾನೆ.

ಇದೆಲ್ಲ ಕೆಲಸ ಮಾಡ್ತಾ ಅಂತ ತಿಳಿಯೋಕೆ ಒಂದೇ ಗುರುತು: ನಾನು ಎತ್ತದೇನೇ ಅವರು ಸತ್ತವನ ಹೆಸರು ಎತ್ತಬೇಕು. ಮೂರನೇ ಆಟದಲ್ಲಿ ಒಳ್ಳೆ ಬೆಲೆಗೆ ಒಂದು ಉಂಗುರ ಮಾರೋ ಅವಕಾಶ ಬಂತು. ಮುಳಬಾಗಿಲಿನವಳು ಅದನ್ನ ಮುಷ್ಟಿಯಲ್ಲಿ ಹಿಡ್ಕೊಂಡು ವ್ಯಾಪಾರಿಯ ಕಡೆ ನೋಡಿ ಅಂದಳು: "ಇಲ್ಲ. ಒಂದ್ಸಲ ಮಾರಿದ್ದಕ್ಕೆ ಮಾರ ಹೋದ."