ಕೊನೇ ಬೆಂಚಿಗೂ ಕಾಣಲಿ ಕೋಡ್

ಹೋದ ಬೇಸಿಗೆ ರಜೆಯಲ್ಲಿ ನಮ್ಮೂರು ಹಗರೆಯಲ್ಲಿ, ಪಿಯುಸಿ ಮುಗಿಸಿದ ಹತ್ತು ಹದಿನೈದು ಮಂದಿಗೆ ಪೈಥಾನ್ ಹೇಳಿಕೊಡಲು ಹೊರಟೆ. ಬಾಡಿಗೆಗೆ ತಂದ ಪ್ರೊಜೆಕ್ಟರ್, ಗೋಡೆಗೆ ಕಟ್ಟಿದ ಬಿಳಿ ಪಂಚೆ. ಮೂವತ್ತು ಸಾಲಿನ ಪ್ರೋಗ್ರಾಮಿನ ಸ್ಕ್ರೀನ್‌ಶಾಟ್ ತೆಗೆದು ಒಂದೇ ಸ್ಲೈಡಿಗೆ ಅಂಟಿಸಿದ್ದೆ. ಹತ್ತು ನಿಮಿಷ ಮಾತಾಡಿದ ಮೇಲೆ ಹಿಂದಿನಿಂದ ಒಬ್ಬಳು ಕೇಳಿದಳು, "ಅಣ್ಣಾ, ನೀವೀಗ ಯಾವ ಸಾಲಲ್ಲಿ ಇದ್ದೀರಿ?"

ಹೋಗಿ ಅವಳ ಪಕ್ಕ ಕೂತು ನೋಡಿದೆ. ಅಕ್ಷರಗಳು ಇರುವೆ ಸಾಲಿನಂತೆ ಕಂಡವು. ಅರ್ಥವಾಗದವರೆಲ್ಲ ದಡ್ಡರಲ್ಲ, ಅವರಿಗೆ ಕಾಣಿಸಿಯೇ ಇರಲಿಲ್ಲ. ನಾವು ಕಾಲೇಜಿನಲ್ಲಿ ಕೊಡುವ ಸೆಮಿನಾರ್‌ಗಳಲ್ಲೂ, ಪ್ರಾಜೆಕ್ಟ್ ವೈವಾದಲ್ಲೂ ನಡೆಯುವುದು ಇದೇ.

ಲೆಕ್ಕ ಸರಳ. ಪವರ್‌ಪಾಯಿಂಟಿನ ಅಗಲ ಸ್ಲೈಡಿನ ಎತ್ತರ 7.5 ಇಂಚು, ಅಂದರೆ 540 ಪಾಯಿಂಟ್. ಕೋಡ್ 28 ಪಾಯಿಂಟಿನಲ್ಲಿದ್ದರೆ, ಸಾಲುಗಳ ನಡುವಿನ ಜಾಗ ಸೇರಿ ಒಂದು ಸಾಲಿಗೆ ಸುಮಾರು 34 ಪಾಯಿಂಟ್ ಬೇಕು. ಶೀರ್ಷಿಕೆ, ಅಂಚು ಕಳೆದರೆ ಉಳಿಯುವುದು ಹನ್ನೆರಡು ಸಾಲಿನ ಜಾಗ. ಅಷ್ಟರಲ್ಲಿ ಹಿಡಿಸದಿದ್ದರೆ ಅಕ್ಷರ ಕುಗ್ಗಿಸಬೇಡಿ, ಪ್ರೋಗ್ರಾಮನ್ನು ತುಂಡು ಮಾಡಿ. ಸ್ಕ್ರೀನ್‌ಶಾಟ್ ಹಿಗ್ಗಿಸಿದರೆ ಮಸುಕಾಗುತ್ತದೆ, ಹಾಗಾಗಿ ಕೋಡನ್ನು ಅಕ್ಷರವಾಗಿಯೇ ಹಾಕಿ. ಫಾಂಟ್ Consolas ತರಹದ್ದಾಗಿರಲಿ. ಅದರಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ, ಹಾಗಾಗಿ ಸಾಲಿನ ಮೊದಲ ಖಾಲಿ ಜಾಗ ಎಷ್ಟೆಂದು ಕಣ್ಣಿಗೆ ತಿಳಿಯುತ್ತದೆ. ಪೈಥಾನಿನಲ್ಲಿ ಆ ಖಾಲಿ ಜಾಗಕ್ಕೂ ಅರ್ಥವಿದೆ.

ಕಾಣಿಸಿದರೆ ಕೆಲಸ ಅರ್ಧ ಆಯಿತು. ಹಳೇಬೀಡಿನ ಗೈಡ್ ಇಡೀ ಗೋಡೆಯನ್ನು ಒಟ್ಟಿಗೆ ವಿವರಿಸುವುದಿಲ್ಲ. ಒಂದು ಶಿಲ್ಪಕ್ಕೆ ಬೆರಳು ತೋರಿಸಿ, ಕಥೆ ಹೇಳಿ, ಮುಂದಿನದಕ್ಕೆ ಹೋಗುತ್ತಾನೆ. ಎರಡನೇ ದಿನ ನಾನೂ ಹಾಗೆ ಮಾಡಿದೆ. ಈ ನಾಲ್ಕೇ ಸಾಲು ತಗೊಂಡೆ:

```python
total = 0
for m in [35, 60, 85]:
    total = total + m
print(total)
```

ಮೂರು ವಿಷಯಗಳ ಅಂಕ ಕೂಡುವ ಲೆಕ್ಕ. ಇಲ್ಲೇ ಹೆಚ್ಚಿನವರು ತಪ್ಪುವುದು: ಮೊದಲ ಸಾಲಿನಿಂದ ನಾಲ್ಕನೆಯದರವರೆಗೆ ಒಂದೊಂದಾಗಿ ಬಣ್ಣ ಹಚ್ಚುತ್ತಾ ಹೋಗುತ್ತಾರೆ. ಕಂಪ್ಯೂಟರ್ ಹಾಗೆ ಓದುವುದಿಲ್ಲವಲ್ಲ! ಅದು 1, 2, 3 ಆದ ಮೇಲೆ ಮತ್ತೆ 2ಕ್ಕೆ ಹಿಂತಿರುಗುತ್ತದೆ. ಬಣ್ಣವೂ ಅದರ ಹಿಂದೆಯೇ ಹೋಗಬೇಕು: 1, 2, 3, 2, 3, 2, 3, 2, 4. ಕೊನೆಯ 2 ಯಾಕೆ? ಪಟ್ಟಿಯಲ್ಲಿ ಇನ್ನೇನಾದರೂ ಉಳಿದಿದೆಯಾ ಎಂದು ನೋಡಲು. ಉಳಿದಿಲ್ಲದ್ದರಿಂದ ನಾಲ್ಕನೇ ಸಾಲಿಗೆ ಜಿಗಿಯುತ್ತದೆ.

ಹೀಗೆ ಒಂಬತ್ತು ಹೆಜ್ಜೆ. ಸ್ಲೈಡನ್ನು ಡೂಪ್ಲಿಕೇಟ್ ಮಾಡುತ್ತಾ, ಪ್ರತಿಯೊಂದರಲ್ಲಿ ನಡೆಯುತ್ತಿರುವ ಸಾಲನ್ನು ಮಾತ್ರ ಗಾಢವಾಗಿಟ್ಟು ಉಳಿದವನ್ನು ತಿಳಿ ಬೂದು ಮಾಡಿದೆ. ಕೆಂಪು, ಹಸಿರು ಬಣ್ಣಗಳ ಸಹವಾಸ ಬೇಡ, ಅವೆರಡರ ವ್ಯತ್ಯಾಸ ತಿಳಿಯದವರು ತರಗತಿಯಲ್ಲಿ ಇರಬಹುದು. ಬಲಗಡೆ ಪುಟ್ಟ ಪೆಟ್ಟಿಗೆಯಲ್ಲಿ `m`, `total` ಬೆಲೆ ಬರೆದೆ. `m` 35 ಆದಾಗ `total` 35, 60 ಬಂದಾಗ 95, 85 ಬಂದಾಗ 180. ಪ್ರತಿ ಸಲ ಮುಂದಿನ ಸ್ಲೈಡ್ ಒತ್ತುವ ಮುಂಚೆ, "ಈಗ `total` ಎಷ್ಟು?" ಎಂದು ಕೇಳುತ್ತಿದ್ದೆ. ತಪ್ಪು ಉತ್ತರ ಬಂದರೆ ಯಾವ ಹೆಜ್ಜೆಯಲ್ಲಿ ಕೈತಪ್ಪಿತೆಂದು ಅಲ್ಲೇ ಗೊತ್ತಾಗುತ್ತಿತ್ತು.

ಸ್ಲೈಡ್ ಡೂಪ್ಲಿಕೇಟ್ ಮಾಡುವುದು ಬೇಸರವೆನಿಸಿದರೆ reveal.js ಎಂಬ ಉಚಿತ ಸಾಧನವಿದೆ. ಅದರಲ್ಲಿ ಕೋಡಿನ ಜೊತೆಗೆ ಇಷ್ಟು ಬರೆದರೆ ಸಾಕು, ಪ್ರತಿ ಒತ್ತಿಗೂ ಬಣ್ಣ ತಾನೇ ಸರಿಯುತ್ತದೆ:

```html
<pre><code data-line-numbers="1|2|3|2|3|2|3|2|4">
```

ಆದರೆ ಬೆಲೆಗಳ ಪೆಟ್ಟಿಗೆ ತಾನೇ ಬರುವುದಿಲ್ಲ. ಅದನ್ನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬಹುದು. ನನಗಂತೂ ಅದೇ ಇಷ್ಟ. ನಿಧಾನವಾಗಿ ಬರೆಯುವುದರಿಂದ ಮಕ್ಕಳಿಗೆ ಯೋಚಿಸಲು ಸಮಯ ಸಿಗುತ್ತದೆ.

ಪವರ್‌ಪಾಯಿಂಟಿನ ಒಂದು ಚೇಷ್ಟೆ ಮಾತ್ರ ನೆನಪಿರಲಿ. ಅದರಲ್ಲೇ ಕೋಡ್ ಟೈಪ್ ಮಾಡಿದರೆ ಅದು `for` ಅನ್ನು `For` ಮಾಡುತ್ತದೆ, ನೇರ ಉದ್ಧರಣ ಚಿಹ್ನೆಗಳನ್ನು ಬಾಗಿಸುತ್ತದೆ. ಮಕ್ಕಳು ಅದನ್ನು ಹಾಗೆಯೇ ನಕಲು ಮಾಡಿ ಓಡಿಸಿದರೆ `SyntaxError` ಬರುತ್ತದೆ, ಆಗ ಅವರು ತಮ್ಮನ್ನೇ ಬೈದುಕೊಳ್ಳುತ್ತಾರೆ. ಆಟೋಕರೆಕ್ಟ್ ಆಯ್ಕೆಯನ್ನು ಮೊದಲೇ ತೆಗೆದುಬಿಡಿ, ಓಡಿಸಿ ನೋಡಿದ ಕೋಡನ್ನೇ ಅಂಟಿಸಿ. ಕನ್ನಡದಲ್ಲಿ ಕಾಮೆಂಟ್ ಬರೆಯುವವರು ನುಡಿಯ ಯೂನಿಕೋಡ್ ಬಳಸಿ. ಹಳೆಯ ನುಡಿ ಫಾಂಟಿನಲ್ಲಿ ಬರೆದಿದ್ದರೆ, ಫಾಂಟ್ ಬದಲಾಯಿಸಿದ ತಕ್ಷಣ ಕನ್ನಡವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ.

ಆ ಒಂಬತ್ತು ಸ್ಲೈಡ್ ಮುಗಿಸಲು ಇಪ್ಪತ್ತು ನಿಮಿಷ ಹಿಡಿಯಿತು. ನಾಲ್ಕು ಸಾಲಿಗೆ ಇಷ್ಟು ಹೊತ್ತಾ ಎಂದು ನನಗೇ ಅಳುಕಿತ್ತು. ಅಷ್ಟರಲ್ಲಿ ಮೊದಲ ದಿನ ಪ್ರಶ್ನೆ ಕೇಳಿದ ಹುಡುಗಿಯೇ ಎದ್ದು, "ಅಣ್ಣಾ, `print` ಅನ್ನೂ ಒಳಗೆ ಸರಿಸಿದ್ರೆ ಮೂರು ಸಲ ಬರುತ್ತಲ್ವಾ? 35, 95, 180?" ಅಂದಳು. ಓಡಿಸಿ ನೋಡಿದೆವು. ಬಂತು.