ಹದಿನಾಲ್ಕನೇ ವಾಕ್ಯದ ಕೋರಿಕೆ

ಡೊಂಬಿವಲಿಯ ಗೆಳೆಯರೊಬ್ಬರು ತಮ್ಮ ಹೌಸಿಂಗ್ ಸೊಸೈಟಿಗೆ ಬರೆದ ಅರ್ಜಿಯ ಮೊದಲ ಕರಡನ್ನು ನನಗೆ ತೋರಿಸಿದರು. ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಮರಾಠಿಗೆ ಮಾಡುವುದು ಅವರ ರೂಢಿ. ತಂದೆ 1978ರಲ್ಲಿ ಕುಂದಾಪುರದಿಂದ ಮುಂಬಯಿಗೆ ಬಂದದ್ದು, ಹೋಟೆಲಿನಲ್ಲಿ ದುಡಿದು ಫ್ಲ್ಯಾಟ್ ಕೊಂಡದ್ದು, ಎರಡು ಅವಧಿ ಕಮಿಟಿಯಲ್ಲಿದ್ದದ್ದು, ಕಾಯಿಲೆ, ಆಸ್ಪತ್ರೆ, ಸಾವು, ನಡುವೆ ಬಚ್ಚಲುಮನೆಯ ಚಾವಣಿ ಸೋರುತ್ತಿರುವುದು, ತಾಯಿಯ ವಯಸ್ಸು. ಇಷ್ಟೆಲ್ಲ ಆದಮೇಲೆ ಹದಿನಾಲ್ಕನೇ ವಾಕ್ಯ: ‘ಆದ್ದರಿಂದ ಫ್ಲ್ಯಾಟ್ ತಾಯಿಯ ಹೆಸರಿಗೆ ಆಗುವಂತೆ ಮುಂದಿನ ಕ್ರಮ ಕೈಗೊಳ್ಳಬೇಕಾಗಿ ವಿನಂತಿ.’

ಅದನ್ನು ಅವರು ಆಗಲೇ ಕಳಿಸಿಯೂ ಆಗಿತ್ತು. ಒಂದು ವಾರದಲ್ಲಿ ಸೊಸೈಟಿಯಿಂದ ಸಂತಾಪದ ನಾಲ್ಕು ಸಾಲು ಬಂತು, ಹಿಂದೆಯೇ ಪ್ಲಂಬರ್ ಬಂದ. ನಗು ಬರುತ್ತದೆ, ಆದರೆ ಸೆಕ್ರೆಟರಿಯನ್ನು ದೂರುವಂತಿಲ್ಲ. ಕೆಲಸಕ್ಕೆ ಹೋಗುವ ಲೋಕಲ್ ಟ್ರೇನಿನಲ್ಲಿ ನಿಂತು ಫೋನಿನಲ್ಲಿ ಓದುವ ಮನುಷ್ಯ, ಕಾಗದದಲ್ಲಿ ಎರಡು ಕೆಲಸ ಕಂಡರೆ ಸುಲಭದ್ದನ್ನು ಮಾಡಿ ಮುಗಿಸುತ್ತಾನೆ.

ಮೊದಲ ಕರಡು ಹೀಗಾಗುವುದು ಸಹಜವೇ. ನೆನಪಾದ ಕ್ರಮದಲ್ಲಿ ನಾವು ಬರೆಯುತ್ತೇವೆ, ಕೋರಿಕೆ ಹೊಳೆಯುವುದು ಕಥೆಯ ಕೊನೆಗೆ. ಕನ್ನಡದ ವಾಕ್ಯರಚನೆಯೂ ಇದಕ್ಕೆ ಒತ್ತಾಸೆ. ನಮ್ಮಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುತ್ತದೆ. ‘ಇರುವುದರಿಂದ’, ‘ಆಗಿರುವ ಕಾರಣ’, ‘ಆದ್ದರಿಂದ’ ಎಂದು ಕೊಂಡಿ ಹಾಕುತ್ತ ಹೋದರೆ ‘ಕೋರುತ್ತೇನೆ’ ಎಂಬ ಪದ ಮೊದಲನೇ ವಾಕ್ಯದಲ್ಲಿದ್ದರೂ ನಲವತ್ತು ಪದಗಳ ಆಚೆ ಇರುತ್ತದೆ. ಮರಾಠಿಯದೂ ಅದೇ ಜಾಯಮಾನ. ಹಾಗಾಗಿ ಕೋರಿಕೆಯನ್ನು ಮೇಲಕ್ಕೆ ಎತ್ತಿದರಷ್ಟೇ ಸಾಲದು, ಅದರ ಮುಂದೆ ಅಂಟಿಕೊಂಡ ಕಾರಣಗಳನ್ನು ಕತ್ತರಿಸಿ ಹಿಂದಿನ ವಾಕ್ಯಗಳಿಗೆ ಕಳಿಸಬೇಕು.

ನಾವು ಮಾಡಿದ್ದು ಇಷ್ಟು. ಕರಡಿನಲ್ಲಿ ‘ವಿನಂತಿ’, ‘ಕೋರುತ್ತೇನೆ’, ‘ಮಾಡಿಕೊಡಿ’ ಎಂಬ ಪದ ಎಲ್ಲೆಲ್ಲಿದೆ ಎಂದು ಹುಡುಕಿ ಆ ವಾಕ್ಯಗಳಿಗೆ ಮಾತ್ರ ಗೆರೆ ಎಳೆದೆವು. ಎರಡು ಸಿಕ್ಕವು. ಸೋರಿಕೆಯದು ಆಗಲೇ ಮುಗಿದಿತ್ತು, ಅದನ್ನು ಹೊಡೆದುಹಾಕಿದೆವು. ಮುಗಿಯದಿದ್ದರೂ ಅದಕ್ಕೆ ಬೇರೆಯೇ ಕಾಗದ ಬೇಕಿತ್ತು. ಮಹಾರಾಷ್ಟ್ರದಲ್ಲಿ ಮಾಹಿತಿ ಹಕ್ಕಿನ ಅರ್ಜಿಗೆ ಇದನ್ನು ನಿಯಮವಾಗಿಯೇ ಮಾಡಿದ್ದಾರೆ: ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಒಳಗೆ. ಆ ನಿಯಮವನ್ನು ಬೈಯುವವರು ಬಹಳ, ಅವರ ಬೈಗುಳಕ್ಕೆ ಕಾರಣವೂ ಇದೆ. ಆದರೆ ಅದರಂತೆ ಬರೆದು ನೋಡಿದರೆ ಕೈ ಪಳಗುತ್ತದೆ.

ಉಳಿದ ಆ ಒಂದು ವಾಕ್ಯವನ್ನು ತಲೆಯಲ್ಲಿ ತಂದು ಇಟ್ಟಾಗಲೇ ನಿಜವಾದ ತೊಡಕು ಕಂಡದ್ದು. ‘ಫ್ಲ್ಯಾಟ್ ತಾಯಿಯ ಹೆಸರಿಗೆ’ ಅಂದರೆ ಏನು? ಸೊಸೈಟಿ ಈ ಕಾಗದ ಓದಿ ಮಾಡಬಹುದಾದ ಕೆಲಸ ಯಾವುದು? ಮಹಾರಾಷ್ಟ್ರದ ಸಹಕಾರಿ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸದಸ್ಯರು ತೀರಿಕೊಂಡಾಗ ನಾಮಿನಿಯನ್ನು ತಾತ್ಕಾಲಿಕ ಸದಸ್ಯರಾಗಿ ಸೇರಿಸಿಕೊಳ್ಳಬೇಕು. ವಾರಸುದಾರರು ಸದಸ್ಯರಾಗುವವರೆಗೆ ಆ ವ್ಯವಸ್ಥೆ. ಮಾಲಿಕತ್ವ ಯಾರದು ಎಂಬುದು ವಾರಸಾ ಕಾನೂನಿನ ಪ್ರಶ್ನೆ, ನಾಮಿನಿ ಆದ ಮಾತ್ರಕ್ಕೆ ಅದು ತೀರ್ಮಾನವಾಗುವುದಿಲ್ಲ. ಗೆಳೆಯರ ಹದಿಮೂರು ವಾಕ್ಯಗಳ ಕೆಳಗೆ ಈ ಮಸುಕು ಅಡಗಿ ಕೂತಿತ್ತು. ಉದ್ದ ಪೀಠಿಕೆ ಬಹಳ ಸಲ ಮಾಡುವುದು ಇದನ್ನೇ: ಏನು ಬೇಕು ಎಂದು ಬರೆಯುವವರಿಗೇ ಖಚಿತವಿಲ್ಲದ್ದನ್ನು ಮುಚ್ಚುತ್ತದೆ.

ಹೊಸ ಅರ್ಜಿ ಶುರುವಾದದ್ದು ಹೀಗೆ:

‘ಫ್ಲ್ಯಾಟ್ 304ರ ಸದಸ್ಯರಾಗಿದ್ದ ನನ್ನ ತಂದೆ ಮಾರ್ಚ್ 9ರಂದು ತೀರಿಕೊಂಡರು. ಅವರ ನಾಮಿನಿಯಾದ ನನ್ನ ತಾಯಿಯನ್ನು ತಾತ್ಕಾಲಿಕ ಸದಸ್ಯೆಯಾಗಿ ಸೇರಿಸಿಕೊಂಡು, ಮುಂದಿನ ಕಮಿಟಿ ಸಭೆಯ ನಂತರ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

ಮೊದಲನೆಯದರಲ್ಲಿ ಯಾರು, ಯಾವ ಮನೆ. ಎರಡನೆಯದರಲ್ಲಿ ಏನು, ಯಾವಾಗ. ಒಂದೇ ವಾಕ್ಯಕ್ಕೆ ತುರುಕಿದ್ದರೆ ಮತ್ತೆ ಆ ಕೊಂಡಿಗಳೇ ಬರುತ್ತಿದ್ದವು. ಆಮೇಲೆ ಮರಣ ಪ್ರಮಾಣಪತ್ರ, ನಾಮಿನೇಶನ್ ಫಾರ್ಮ್‌ನ ಪ್ರತಿ ಲಗತ್ತಿಸಿದೆ ಎಂಬ ಮಾತು, ತಾಯಿಯ ಫೋನ್ ನಂಬರು. ಹಳೆಯ ಕರಡಿನ ಪ್ರತಿ ವಾಕ್ಯಕ್ಕೂ ‘ಇದಿಲ್ಲದಿದ್ದರೆ ಕಮಿಟಿಗೆ ಒಪ್ಪಲು ಕಷ್ಟವೇ?’ ಎಂದು ಕೇಳಿದೆವು. ಅಲ್ಲ ಎಂದಾದದ್ದೆಲ್ಲ ಹೋಯಿತು.

‘ಅಪ್ಪಯ್ಯನ ವಿಷ್ಯ ಬರೀದೆ ಹ್ಯಾಂಗೆ ಕೇಂಬುದು ಮಾರಾಯ್ರೆ?’ ಎಂದು ಗೆಳೆಯರು ಬೇಸರಪಟ್ಟರು. ಕಮಿಟಿಯಲ್ಲಿ ಅಪ್ಪಯ್ಯ ದುಡಿದ ಒಂದು ವಾಕ್ಯವನ್ನು ಕೊನೆಯಲ್ಲಿ ಉಳಿಸಿಕೊಂಡೆವು. ಆ ಬೇಸರ ನನಗೆ ಅರ್ಥವಾಗುತ್ತದೆ.

ಕಳಿಸುವ ಮುಂಚೆ ಮೊದಲ ಎರಡು ವಾಕ್ಯಗಳನ್ನಷ್ಟೇ ಅವರ ಹೆಂಡತಿಗೆ ಓದಿ ಹೇಳಿ, ‘ನೀವು ಸೆಕ್ರೆಟರಿ ಆಗಿದ್ದರೆ ಈಗ ಏನು ಮಾಡುತ್ತೀರಿ?’ ಎಂದು ಕೇಳಿದೆವು. ‘ಅತ್ತೆಯ ಹೆಸರನ್ನು ಸಭೆಯ ಅಜೆಂಡಾಕ್ಕೆ ಸೇರಿಸುತ್ತೇನೆ’ ಎಂದರು. ಬೇರೆ ಉತ್ತರ ಬಂದಿದ್ದರೆ ಇನ್ನೊಮ್ಮೆ ಬರೆಯಬೇಕಿತ್ತು.

ಊರಿನ ಚಿಕ್ಕಪ್ಪನಿಗೆ ಸಾಲ ಕೇಳುವಾಗ ಈ ಕ್ರಮ ನಡೆಯದು. ಅಲ್ಲಿ ಎರಡನೇ ವಾಕ್ಯಕ್ಕೇ ದುಡ್ಡಿನ ಮಾತೆತ್ತಿದರೆ ‘ಇವನಿಗೆ ಬೇಕಾದಾಗ ಮಾತ್ರ ನಾವು ನೆನಪಾಗುತ್ತೇವೆ’ ಅನ್ನುತ್ತಾರೆ. ಚಿಕ್ಕಪ್ಪ ಕಾಗದವನ್ನು ಪೂರ್ತಿ ಓದುತ್ತಾರೆ, ಕೈಯಲ್ಲಿ ಸಮಯವೂ ಇರುತ್ತದೆ.